ಕೊನೆಯ ಕಪ್ಪಿನಲ್ಲಿ ನಿಲ್ಲುವ ಮುಖ

ಮರದ ಹಲಗೆಯ ಅಥವಾ ಲಿನೋಲಿಯಂ ಹಾಳೆಯ ಮೇಲೆ ಬೇಡದ ಭಾಗವನ್ನು ಉಳಿಯಿಂದ ಕೆತ್ತಿ ತೆಗೆದು, ಎತ್ತರದಲ್ಲಿ ಉಳಿದ ಭಾಗಕ್ಕೆ ರೋಲರಿನಿಂದ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತುವ ಉಬ್ಬು ಮುದ್ರಣದಲ್ಲಿ, ಬಣ್ಣ ಬೀಳುವುದು ಇಲ್ಲವೇ ಬೀಳದಿರುವುದು ಎಂಬ ಎರಡೇ ಸಾಧ್ಯತೆಗಳಿರುತ್ತವೆ. ತೈಲವರ್ಣದ ಕಲಾವಿದ ಕೆನ್ನೆಯ ತಿರುವನ್ನು ಹತ್ತಾರು ಛಾಯೆಗಳಲ್ಲಿ ನಿಧಾನವಾಗಿ ಇಳಿಸಬಲ್ಲನಾದರೆ, ಲಿನೋಕಟ್ ಮಾಡುವವನು ಆ ತಿರುವು ಯಾವ ಬಿಂದುವಿನಲ್ಲಿ ಬೆಳಕನ್ನು ಬಿಟ್ಟು ನೆರಳಿಗೆ ಸೇರುತ್ತದೆ ಎಂಬುದನ್ನು ಒಂದೇ ಅಂಚಿನಲ್ಲಿ ಹೇಳಿ ಮುಗಿಸಬೇಕಾಗುತ್ತದೆ. ಹೀಗಿದ್ದೂ ಎರಡು ಮೂರು ಬಣ್ಣಗಳ ಒಂದು ಅಚ್ಚಿನಲ್ಲಿ ಪರಿಚಿತ ವ್ಯಕ್ತಿಯ ಮುಖ ತಟ್ಟನೆ ಗುರುತು ಸಿಗುವುದೂ, ಕಣ್ಣು ಮೂಗು ತುಟಿಗಳನ್ನೆಲ್ಲ ಶ್ರದ್ಧೆಯಿಂದ ಕೆತ್ತಿದ ಮತ್ತೊಂದರಲ್ಲಿ ಯಾರದೋ ಮುಖ ಕಾಣಿಸುವುದೂ ಹೇಗೆ ಎಂಬ ಪ್ರಶ್ನೆಗೆ ಉತ್ತರವಿರುವುದು ಬಹುಮಟ್ಟಿಗೆ ಗೆರೆಯಲ್ಲಲ್ಲ, ನೆರಳಿನ ಆಕಾರದಲ್ಲಿ.

ಇಂಗ್ಲೆಂಡಿನ ವಿಲಿಯಂ ನಿಕಲ್ಸನ್ 1897ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಗೆ ಅರವತ್ತು ತುಂಬಿದ ವರ್ಷ, ಮರದಲ್ಲಿ ಕೆತ್ತಿದ ಆಕೆಯ ಚಿತ್ರ ಇದಕ್ಕೆ ಬಹಳ ಒಳ್ಳೆಯ ನಿದರ್ಶನ. ರಾಣಿಯ ಉಡುಪು ಮಡಿಕೆಗಳಿಲ್ಲದ, ತೋಳು ಸೊಂಟಗಳ ಗೆರೆಯಿಲ್ಲದ ಒಂದೇ ಕಪ್ಪು ರಾಶಿಯಾಗಿ ಕೆಳಗೆ ಅಗಲವಾಗಿ ಹರಡಿಕೊಂಡಿದೆ. ಬಳಿಯಲ್ಲಿ ಒಂದು ಪುಟ್ಟ ನಾಯಿ. ಮುಖವಾದರೋ ಇಡೀ ಚಿತ್ರದಲ್ಲಿ ಚಿಕ್ಕದೊಂದು ತಿಳಿ ಭಾಗ, ಅದರಲ್ಲಿ ಬೆರಳೆಣಿಕೆಯ ಗುರುತುಗಳು. ಆದರೂ ನೋಡುವವರಿಗೆ ಸಂಶಯ ಹುಟ್ಟುವುದಿಲ್ಲ, ಏಕೆಂದರೆ ಗಿಡ್ಡವಾದ, ಭಾರವಾದ, ನೆಲಕ್ಕೆ ಊರಿ ನಿಂತ ಆ ಒಟ್ಟಾಕಾರವೇ ರಾಣಿಯದು. ನಂದಲಾಲ್ ಬೋಸ್ 1930ರಲ್ಲಿ ಉಪ್ಪಿನ ಸತ್ಯಾಗ್ರಹದ ಸಂದರ್ಭದಲ್ಲಿ ಮಾಡಿದ ಗಾಂಧೀಜಿಯ ಲಿನೋಕಟ್ ಇದಕ್ಕೆ ನೇರ ವಿರುದ್ಧ ದಾರಿ ಹಿಡಿದು ಅದೇ ಫಲ ಪಡೆಯುತ್ತದೆ: ಅಲ್ಲಿ ನೆಲವೆಲ್ಲ ಕಪ್ಪು, ಕೋಲು ಹಿಡಿದು ನಡೆಯುವ ದೇಹ ಮಾತ್ರ ಬಿಳಿಯ ಗೆರೆಗಳಲ್ಲಿ ಮೂಡಿದೆ, ಹೋಲಿಕೆಯನ್ನು ಹೊತ್ತಿರುವುದು ಬೋಳು ತಲೆ, ತುಸು ಬಾಗಿದ ಬೆನ್ನು ಮತ್ತು ಹೆಜ್ಜೆಯ ಅಗಲ. ಆ ಚಿತ್ರವನ್ನು ನೋಡಿ ಕಪ್ಪಿನ ಮೇಲೆ ಬಿಳಿ ಗೆರೆ ಎಳೆದರೆ ಯಾವ ಭಾವಚಿತ್ರವಾದರೂ ಒಲಿಯುತ್ತದೆಂದು ಹೊಸಬರು ತಿಳಿಯುವುದುಂಟು. ಆದರೆ ನಂದಲಾಲರ ಗೆರೆಗೆ ನಡಿಗೆಯ ಆಸರೆಯಿತ್ತು. ಭುಜದಿಂದ ಮೇಲಕ್ಕೆ ಮುಖವೊಂದನ್ನೇ ತೆಗೆದುಕೊಂಡು, ಹುಬ್ಬು ಕಣ್ಣು ತುಟಿಗಳನ್ನು ಹಾಗೆ ಬಿಳಿಯಲ್ಲಿ ಕೆತ್ತಿದರೆ ಅದು ಹಳೆಯ ಫೋಟೋ ಫಿಲ್ಮಿನ ನೆಗೆಟಿವ್‌ನಂತಾಗುತ್ತದೆ, ಮತ್ತು ನೆಗೆಟಿವ್‌ನಲ್ಲಿ ಮನೆಯವರ ಮುಖವನ್ನು ಗುರುತಿಸುವುದೂ ಎಷ್ಟು ಕಷ್ಟವೆಂಬುದು ಅದನ್ನು ಬೆಳಕಿಗೆ ಹಿಡಿದು ನೋಡಿದವರಿಗೆಲ್ಲ ಗೊತ್ತಿರುವ ಸಂಗತಿ.

ಮುಖವೇ ವಸ್ತುವಾದಾಗ ಮಾಡಬೇಕಾದುದೇನು ಎಂಬುದನ್ನು ಒಂದು ಉದಾಹರಣೆಯ ಮೂಲಕ ಹಂತ ಹಂತವಾಗಿ ನೋಡಬಹುದು. ಅರವತ್ತು ದಾಟಿದ, ದಪ್ಪ ಹುಬ್ಬಿನ, ಕನ್ನಡಕ ಧರಿಸಿದ, ಅರ್ಧ ನರೆತ ಕೂದಲನ್ನು ಎಡಕ್ಕೆ ಬೈತಲೆ ತೆಗೆದು ಬಾಚಿದ ಒಬ್ಬ ಹಿರಿಯರ ಮುಖವನ್ನು 20 ಸೆಂಟಿಮೀಟರ್ ಅಗಲ, 25 ಸೆಂಟಿಮೀಟರ್ ಎತ್ತರದ ಲಿನೋ ಹಾಳೆಯಲ್ಲಿ, ಮೂರು ಶಾಯಿಗಳಲ್ಲಿ ಮುದ್ರಿಸಬೇಕಿದೆ ಎಂದಿಟ್ಟುಕೊಳ್ಳೋಣ. ಕಾಗದದ ಬಿಳಿಯೂ ಒಂದು ಬಣ್ಣವಾಗಿ ದುಡಿಯುವುದರಿಂದ ಕೈಯಲ್ಲಿರುವುದು ನಾಲ್ಕು ಛಾಯೆಗಳು. ಮೊದಲ ನಿರ್ಧಾರ ಉಳಿ ಹಿಡಿಯುವ ಮುನ್ನವೇ ಆಗಬೇಕು, ಅದು ಬೆಳಕಿನದು. ಫ್ಲ್ಯಾಷ್ ಹಾಕಿ ಎದುರಿನಿಂದ ತೆಗೆದ ಫೋಟೋದಲ್ಲಿ ನೆರಳೆಲ್ಲ ಮುಖದ ಹಿಂದಕ್ಕೆ ಓಡಿರುತ್ತದೆಯಾದ್ದರಿಂದ ಕೆತ್ತಲು ಆಕಾರವೇ ಸಿಗುವುದಿಲ್ಲ; ಒಂದು ಬದಿಯ ಕಿಟಕಿಯಿಂದ, ತಲೆಗಿಂತ ಸ್ವಲ್ಪ ಮೇಲಿನಿಂದ ಬೆಳಕು ಬಿದ್ದರೆ ಕಣ್ಣಿನ ಗುಳಿ, ಮೂಗಿನ ಒಂದು ಪಕ್ಕ, ಕೆಳತುಟಿಯ ಅಡಿ, ಗಲ್ಲದ ಕೆಳಗು ಈ ನಾಲ್ಕು ಕಡೆ ಸ್ಪಷ್ಟವಾದ ನೆರಳುಗಳು ಬೀಳುತ್ತವೆ, ಹೋಲಿಕೆಯ ಮುಕ್ಕಾಲು ಪಾಲು ಇವುಗಳ ಆಕಾರ ಮತ್ತು ಪರಸ್ಪರ ದೂರದಲ್ಲೇ ಅಡಗಿರುತ್ತದೆ.

ಫೋಟೋವನ್ನು ಕಂಪ್ಯೂಟರಿನಲ್ಲಿ ಪೋಸ್ಟರೈಸ್ ಮಾಡಿದರೆ, ಅಂದರೆ ಛಾಯೆಗಳ ಸಂಖ್ಯೆಯನ್ನು ಮೂರು ನಾಲ್ಕಕ್ಕೆ ಇಳಿಸಿದರೆ, ಈ ಆಕಾರಗಳು ತಾವಾಗಿ ದೊರೆಯುತ್ತವೆಂಬ ನಂಬಿಕೆ ಈಗ ವ್ಯಾಪಕವಾಗಿದೆ. ದೊರೆಯುವುದು ನಿಜ, ಆದರೆ ಯಂತ್ರ ಲೆಕ್ಕ ಹಾಕುವುದು ಎಷ್ಟು ಕಪ್ಪು ಎಂಬುದನ್ನು ಮಾತ್ರ. ಆ ಕಪ್ಪು ಹುಬ್ಬಿನದೋ, ಕನ್ನಡಕದ ಚೌಕಟ್ಟಿನ ನೆರಳಿನದೋ ಎಂಬುದು ಅದಕ್ಕೆ ಬೇಡದ ವಿಚಾರ. ನಮ್ಮ ಉದಾಹರಣೆಯ ಹಿರಿಯರ ಮುಖದಲ್ಲಿ ಅದು ಹುಬ್ಬನ್ನೂ ಚೌಕಟ್ಟನ್ನೂ ಕಣ್ಣಿನ ಗುಳಿಯನ್ನೂ ಒಂದೇ ಕಪ್ಪು ಮುದ್ದೆಯಾಗಿ ಬೆಸೆದುಬಿಡುತ್ತದೆ, ನರೆತ ಕೂದಲನ್ನು ಹಣೆಯ ಬೆಳಕಿನೊಂದಿಗೆ ಕರಗಿಸಿ ತಲೆಯ ಮೇಲ್ಭಾಗವನ್ನೇ ಇಲ್ಲವಾಗಿಸುತ್ತದೆ. ಕಲಾವಿದ ಇಲ್ಲಿ ಕೈ ಹಾಕಿ, ಹುಬ್ಬು ಮತ್ತು ಚೌಕಟ್ಟಿನ ನಡುವೆ ಫೋಟೋದಲ್ಲಿ ಇಲ್ಲದ ಒಂದು ಸಣ್ಣ ತಿಳಿ ಸಂದನ್ನು ಬಿಡಬೇಕು, ಕೂದಲಿನ ಹಿಂದೆ ಹಿನ್ನೆಲೆಯನ್ನು ಗಾಢವಾಗಿಸಿ ತಲೆಬುರುಡೆಯ ಅಂಚನ್ನು ಮರಳಿ ತರಬೇಕು. ಇದಕ್ಕೆ ಪ್ರತಿಯಾಗಿ ನೆರಳಿನ ಬದಿಯ ದವಡೆ ಮತ್ತು ಕುತ್ತಿಗೆಯ ನಡುವಿನ ಗೆರೆಯನ್ನು ಧಾರಾಳವಾಗಿ ಬಿಟ್ಟುಬಿಡಬಹುದು: ಅಲ್ಲಿ ಮುಖದ ಕಪ್ಪು ಹಿನ್ನೆಲೆಯ ಕಪ್ಪಿನೊಂದಿಗೆ ಕೂಡಿಕೊಂಡರೂ ನೋಡುವ ಕಣ್ಣು ಇಲ್ಲದ ಅಂಚನ್ನು ತಾನೇ ಪೂರೈಸಿಕೊಳ್ಳುತ್ತದೆ. ಹೊಸಬರ ಕೈ ತಪ್ಪುವುದು ಹೆಚ್ಚಾಗಿ ಮೂಗಿನಲ್ಲಿ. ಅವರು ಮೂಗಿನ ಎರಡೂ ಬದಿಗೆ ಗೆರೆ ಉಳಿಸುತ್ತಾರೆ, ನಿಜವಾದ ಮೂಗಿಗೆ ಅಂಥ ಗೆರೆಗಳೇ ಇಲ್ಲದ ಕಾರಣ ಮುಖ ಮುಖವಾಡವಾಗುತ್ತದೆ. ಒಂದು ಬದಿಯ ನೆರಳು ಮತ್ತು ಹೊಳ್ಳೆಯ ಅಡಿಯ ಒಂದು ಗಾಢ ಚುಕ್ಕೆಯಿದ್ದರೆ ಮೂಗಿಗೆ ಅಷ್ಟು ಸಾಕು.

ಅಚ್ಚಿನಲ್ಲಿ ಎಡಬಲಗಳು ಅದಲುಬದಲಾಗುವುದರಿಂದ ರೇಖಾಚಿತ್ರವನ್ನು ತಿರುಗಿಸಿ ಲಿನೋಗೆ ಇಳಿಸಬೇಕೆಂಬುದು ಎಲ್ಲರೂ ಬಲ್ಲ ಪಾಠವಾದರೂ ಭಾವಚಿತ್ರದಲ್ಲಿ ಅದಕ್ಕೆ ಹೆಚ್ಚಿನ ತೂಕವಿದೆ. ಬೈತಲೆ ಬಲಕ್ಕೆ ಹೋದರೆ, ತುಸು ಮೇಲಿರುವ ಹುಬ್ಬು ಇನ್ನೊಂದು ಬದಿಗೆ ಸರಿದರೆ, ಚಿತ್ರದಲ್ಲಿರುವವರು ತಾವು ಕನ್ನಡಿಯಲ್ಲಿ ಕಂಡ ಮುಖವೇ ಆದ್ದರಿಂದ ಒಪ್ಪಿಕೊಂಡಾರು, ಆದರೆ ಅವರ ಹೆಂಡತಿ ಮಕ್ಕಳು ಏನೋ ಸರಿಯಿಲ್ಲವೆನ್ನುತ್ತಾರೆ.

ಬಹುವರ್ಣದ ಅಚ್ಚಿಗೆ ಎರಡು ದಾರಿಗಳಿವೆ. ಒಂದರಲ್ಲಿ ಬಣ್ಣಕ್ಕೊಂದರಂತೆ ಬೇರೆ ಬೇರೆ ಹಲಗೆಗಳನ್ನು ಕೆತ್ತಲಾಗುತ್ತದೆ. ಪಿಕಾಸೊ 1958ರಲ್ಲಿ ಕ್ರಾನಾಕ್‌ನ ವರ್ಣಚಿತ್ರವೊಂದನ್ನು ಆಧರಿಸಿ ಮಾಡಿದ ಯುವತಿಯ ಭಾವಚಿತ್ರ ಈ ಬಗೆಯದು. ಹಲವು ಲಿನೋಗಳನ್ನು ಒಂದರ ಮೇಲೊಂದು ಕರಾರುವಾಕ್ಕಾಗಿ ಕೂರಿಸುವ ತೊಂದರೆಯಿಂದ ಪಾರಾಗಲು ಮುಂದೆ ಆತ ಒಂದೇ ಲಿನೋವನ್ನು ಕೆತ್ತುತ್ತ, ಮುದ್ರಿಸುತ್ತ, ಮತ್ತೆ ಕೆತ್ತುತ್ತ ಹೋಗುವ ಎರಡನೆಯ ದಾರಿಯನ್ನು ಹಿಡಿದ. ರಿಡಕ್ಷನ್ ಎಂದು ಕರೆಯಲಾಗುವ ಈ ಕ್ರಮದಲ್ಲಿ ಹಿಂದಿನ ಹಂತಕ್ಕೆ ಮರಳುವಂತಿಲ್ಲವಾದ್ದರಿಂದ ಬೇಕಾದ ಪ್ರತಿಗಳಿಗಿಂತ ಹೆಚ್ಚಿನ ಹಾಳೆಗಳನ್ನು ಆರಂಭದಲ್ಲೇ ಎಣಿಸಿಕೊಳ್ಳಬೇಕು. ಹನ್ನೆರಡು ಪ್ರತಿ ಬೇಕಿದ್ದರೆ ಹದಿನೆಂಟು ಹಾಳೆಯಿಂದ ಹೊರಡುವುದು ಅತಿಯಾಗಲಾರದು. ಹಿರಿಯರ ಮುಖದಲ್ಲಿ ಮೊದಲು ಬಿಳಿಯಾಗಿಯೇ ಉಳಿಯಬೇಕಾದ ಹಣೆಯ ಹೊಳಪು, ನರೆಗೂದಲ ಎಳೆಗಳು, ಅಂಗಿಯ ಕಾಲರು, ಕಣ್ಣಿನ ಮಿಂಚು ಇವನ್ನು ಕೆತ್ತಿ ತೆಗೆದು, ಎಲ್ಲ ಹಾಳೆಗಳ ಮೇಲೂ ತಿಳಿಯಾದ ಗೋಪಿ ಬಣ್ಣವನ್ನು ಮುದ್ರಿಸಬೇಕು. ಆಮೇಲೆ ಬೆಳಕು ಬಿದ್ದ ಕೆನ್ನೆ ಹಣೆಗಳನ್ನು ಕೆತ್ತಿಬಿಟ್ಟು ಇಟ್ಟಿಗೆಯ ಕಂದು. ಕಡೆಯಲ್ಲಿ ನೆರಳಿನ ಬದಿಯ ಮಧ್ಯಮ ಭಾಗಗಳನ್ನೂ ತೆಗೆದುಹಾಕಿ, ಉಳಿದ ಗುಳಿ, ಹುಬ್ಬು, ಚೌಕಟ್ಟು, ಹೊಳ್ಳೆ, ತುಟಿಗಳ ನಡುವಿನ ಸಂದು, ಹಿನ್ನೆಲೆ ಇವಿಷ್ಟಕ್ಕೆ ನೀಲಿಗಪ್ಪು. ಎಣ್ಣೆ ಆಧಾರಿತ ಶಾಯಿಯಾದರೆ ಪ್ರತಿ ಬಣ್ಣದ ನಡುವೆ ಹಲವು ದಿನಗಳ ಬಿಡುವು ಬೇಕು. ಹಸಿಯಿರುವಾಗಲೇ ಮುಂದಿನದನ್ನು ಒತ್ತಿದರೆ ಮೇಲಿನ ಶಾಯಿ ಸರಿಯಾಗಿ ಹಿಡಿಯದೆ ಚುಕ್ಕೆ ಚುಕ್ಕೆಯಾಗಿ ನಿಲ್ಲುತ್ತದೆ.

ಹಾಳೆಯ ಎರಡು ಅಂಚುಗಳನ್ನು ಪ್ರತಿ ಬಾರಿಯೂ ಒಂದೇ ಮೂಲೆಗೆ ತಾಗಿಸಿ ಕೂರಿಸುವ ಪಟ್ಟಿಯಿದ್ದರೂ ಅರ್ಧ ಮಿಲಿಮೀಟರಿನಷ್ಟು ಜರುಗುವುದನ್ನು ಪೂರ್ತಿ ತಡೆಯಲಾಗದು. ಕೆನ್ನೆಯಲ್ಲಿ ಅಂಥ ಜರುಗುವಿಕೆ ಯಾರ ಕಣ್ಣಿಗೂ ಬೀಳದು. ಕಣ್ಣಿನ ಪಾಪೆ ಒಂದು ಬಣ್ಣದಲ್ಲೂ ರೆಪ್ಪೆ ಇನ್ನೊಂದರಲ್ಲೂ ಇದ್ದರೆ ಮಾತ್ರ ಅಷ್ಟಕ್ಕೇ ನೋಟ ಓರೆಯಾಗುತ್ತದೆ. ಆದ್ದರಿಂದ ಬಲ್ಲವರು ಹೋಲಿಕೆಗೆ ಅನಿವಾರ್ಯವಾದ ಎಲ್ಲವನ್ನೂ, ಎರಡು ಕಣ್ಣು, ಹೊಳ್ಳೆ, ತುಟಿಸಂದುಗಳನ್ನು, ಕೊನೆಯ ಗಾಢ ಬಣ್ಣ ಒಂದರಲ್ಲೇ ಇಟ್ಟು, ಮೊದಲೆರಡು ಬಣ್ಣಗಳಿಗೆ ಸಡಿಲವಾದ ಅಗಲ ಆಕಾರಗಳನ್ನಷ್ಟೇ ವಹಿಸುತ್ತಾರೆ. ಕೊನೆಯ ಬಣ್ಣದ ಭಾಗಗಳನ್ನು ಬಿಳಿ ಕಾಗದದ ಮೇಲೆ ಬರಿಯ ಕಪ್ಪಿನಲ್ಲಿ ಮೊದಲೇ ಬರೆದು ನೋಡುವುದು ಇಲ್ಲಿ ನೆರವಾಗುವ ಪರೀಕ್ಷೆ. ಆ ಕಪ್ಪೊಂದರಲ್ಲೇ ಆ ವ್ಯಕ್ತಿ ಕಾಣದಿದ್ದರೆ ಗೋಪಿಯೂ ಕಂದೂ ಬಂದು ಅದನ್ನು ಉಳಿಸಲಾರವು.

ಬಣ್ಣದ ಆಯ್ಕೆಯಲ್ಲಿ ಅಚ್ಚರಿಯೆನಿಸುವಷ್ಟು ಸ್ವಾತಂತ್ರ್ಯವಿದೆ. ಗೋಪಿಯ ಬದಲು ತಿಳಿ ಹಸಿರು, ಕಂದಿನ ಬದಲು ನೇರಳೆ ಬಂದರೂ ಮುಖ ಅದೇ ಮುಖವಾಗಿ ನಿಲ್ಲುತ್ತದೆ, ತಿಳಿಯಿಂದ ಗಾಢಕ್ಕೆ ಇರುವ ಅನುಕ್ರಮ ತಪ್ಪದಿದ್ದರೆ. ಬೆಳಕಿನ ಬದಿಗೆ ಕೆಂಪು ಹಾಕಿ, ನೆರಳಿಗೆ ಅದಕ್ಕಿಂತ ತಿಳಿಯಾದ ನೀಲಿ ಹಾಕಿದಾಗ ಮಾತ್ರ ಕೆನ್ನೆ ಒಳಕ್ಕೆ ಕುಸಿದಂತೆ ಕಾಣುತ್ತದೆ. ಮೂರು ಶಾಯಿಗಳನ್ನು ಒಂದು ಚೂರು ಕಾಗದಕ್ಕೆ ಹಚ್ಚಿ ಕಪ್ಪುಬಿಳುಪು ಫೋಟೋ ತೆಗೆದರೆ ಈ ತಪ್ಪು ಒಡನೆಯೇ ಬಯಲಾಗುತ್ತದೆ. ಮಧ್ಯದ ಬಣ್ಣ ಗಾಢದ ಕಡೆಗೆ ವಾಲಿದರೆ ಕಣ್ಣಿನ ಗುಳಿಯ ಒಳಗಿನ ವಿವರ ಮುಳುಗುವುದರಿಂದ ಅದನ್ನು ತಿಳಿಯ ಕಡೆಗೆ ಸ್ವಲ್ಪ ಹತ್ತಿರವಿಡುವುದು ಕ್ಷೇಮ.

ಶಾಯಿಯ ಪ್ರಮಾಣದ ಮಾತನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಒಳ್ಳೆಯ ಕೆತ್ತನೆಯನ್ನು ಕೆಡಿಸುವುದು ಬಹುಪಾಲು ಅದೇ. ಕಣ್ಣಿನ ಮಿಂಚಿಗೆಂದು ಕೆತ್ತಿದ ಒಂದು ಮಿಲಿಮೀಟರಿನ ಕುಳಿ ಶಾಯಿ ದಪ್ಪವಾದರೆ ಮೂರನೆಯ ನಾಲ್ಕನೆಯ ಪ್ರತಿಯ ಹೊತ್ತಿಗೆ ತುಂಬಿಕೊಂಡು ಕಣ್ಣು ಕುರುಡಾಗುತ್ತದೆ. ರೋಲರು ಗಾಜಿನ ಮೇಲೆ ಉರುಳುವಾಗ ಸಣ್ಣಗೆ ಚರಚರ ಸದ್ದು ಮಾಡಿದರೆ ಶಾಯಿ ಹದವಾಗಿದೆ. ಪಚಪಚ ಎಂದು ಅಂಟಿ ಎದ್ದರೆ ಹೆಚ್ಚಾಗಿದೆ. ಮರದಲ್ಲಿ ಕೆತ್ತುವವರಿಗೆ ಇನ್ನೊಂದು ಎಚ್ಚರ ಸೇರುತ್ತದೆ: ನಾರಿಗೆ ಅಡ್ಡಲಾಗಿ ಉಳಿ ನೂಕಿದರೆ ರೆಪ್ಪೆಯಂಥ ತೆಳು ಭಾಗ ಸೀಳಿ ಹಾರಿಹೋಗುವುದರಿಂದ ಮೊದಲು ಚಾಕುವಿನಿಂದ ಅದರ ಸುತ್ತ ಅಂಚನ್ನು ಗೀರಿಕೊಂಡು, ಬಳಿಕವೇ ಹೊರಗಿನ ಮರವನ್ನು ತೆಗೆಯಬೇಕು. ಲಿನೋದಲ್ಲಿ ನಾರಿಲ್ಲ, ಅದೊಂದೇ ಕಾರಣಕ್ಕೆ ಮೊದಲ ಭಾವಚಿತ್ರಕ್ಕೆ ಲಿನೋ ಹೆಚ್ಚು ಸೂಕ್ತ.

ಈ ವಿಧಾನಕ್ಕೆ ಮಣಿಯದ ಮುಖಗಳೂ ಇವೆ. ಮಕ್ಕಳ ಮುಖದಲ್ಲಿ ಗುಳಿಗಳು ಆಳವಿಲ್ಲ, ಕೆನ್ನೆಯ ತಿರುವು ನುಣುಪಾದದ್ದು. ಅಲ್ಲಿ ಗಟ್ಟಿಯಾದ ನೆರಳನ್ನು ಕೆತ್ತಿದೊಡನೆ ಐದು ವರ್ಷದ ಮಗುವಿಗೆ ನಲವತ್ತಾಗುತ್ತದೆ. ಅಂಥಲ್ಲಿ ಮಧ್ಯದ ಬಣ್ಣವನ್ನು ಕೂದಲು ಬಟ್ಟೆಗಳಿಗೆ ಸೀಮಿತಗೊಳಿಸಿ, ಮುಖವನ್ನು ಒಂದೇ ತಿಳಿ ಬಣ್ಣದಲ್ಲಿ ಚಪ್ಪಟೆಯಾಗಿ ಬಿಟ್ಟು, ಹೋಲಿಕೆಯ ಭಾರವನ್ನು ಕೂದಲಿನ ಹೊರರೇಖೆ ಮತ್ತು ಕಣ್ಣುಗಳ ನಡುವಣ ದೂರದ ಮೇಲೆ ಹೊರಿಸಬೇಕಾಗುತ್ತದೆ. ಹಲ್ಲು ತೋರುವ ನಗುವೂ ಅಷ್ಟೇ ಕಠಿಣ: ಹಲ್ಲುಗಳ ನಡುವೆ ಗೆರೆ ಉಳಿಸಿದರೆ ಅವು ಬೇಲಿಯಾಗಿ ಕಾಣುತ್ತವೆಯಾದ್ದರಿಂದ ಇಡೀ ಸಾಲನ್ನು ಒಂದೇ ಬಿಳಿ ಪಟ್ಟಿಯಾಗಿ ಬಿಟ್ಟು, ಬಾಯಿಯ ಎರಡು ಮೂಲೆಗಳ ಕಪ್ಪನ್ನು ಮಾತ್ರ ಸರಿಯಾದ ಆಕಾರದಲ್ಲಿ ಉಳಿಸಿಕೊಳ್ಳಬೇಕು.