ಗಡಿಯೂರಿನ ಗುಮಾಸ್ತ: ಒಂದು ಸಣ್ಣಕಥೆಯ ಐತಿಹಾಸಿಕ ಪರಿಶೀಲನೆ

ನಮ್ಮ ಅವಲೋಕನೆಗೆ ಬಂದ ಅಚ್ಚಾಗದ ಸಣ್ಣಕಥೆಯೊಂದನ್ನು ಇತಿಹಾಸದ ವಿದ್ಯಾರ್ಥಿಗಳ ದೃಷ್ಟಿಯಿಂದ ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ. ಕಥೆ ನಡೆಯುವುದು ಬಂಗಾರಪೇಟೆಯ ತಾಲ್ಲೂಕು ಕಚೇರಿಯಲ್ಲಿ. ಕಾಲ, 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದ ಮರು ತಿಂಗಳುಗಳು. ಕೋಲಾರದ ಚಿನ್ನದ ಗಣಿಗಳಿಂದ ಕಾರ್ಮಿಕರು ಪೌರತ್ವದ ಅರ್ಜಿಗಳನ್ನು ಹಿಡಿದು ಬಂದು ಸಾಲುಗಟ್ಟಿ ನಿಲ್ಲುತ್ತಾರೆ. ಕುಪ್ಪಂನಲ್ಲಿ ಹುಟ್ಟಿದ ವೃದ್ಧ ಕಾರ್ಮಿಕನೊಬ್ಬನ ಅರ್ಜಿಯನ್ನು, ಅವನ ಊರು ಈಗ ಗಡಿಯಾಚೆಯದೆಂಬ ಕಾರಣದಿಂದ, ಗುಮಾಸ್ತನು ತಿರಸ್ಕರಿಸುತ್ತಾನೆ. ಕೊನೆಯಲ್ಲಿ ತನ್ನ ತಾಯಿಯ ತವರೂ ಗಡಿಯಾಚೆಯದೇ ಎಂಬುದು ಅವನ ಅರಿವಿಗೆ ಬರುತ್ತದೆ.

ಕಥೆಯಲ್ಲಿ ಗುಣಗಳಿಲ್ಲವೆಂದಲ್ಲ. ಗುಮಾಸ್ತನು ದುಷ್ಟನಲ್ಲ, ಅವನು ಕ್ರಮವನ್ನು ನಂಬಿದವನು, ಅಮಲ್ದಾರರ ರುಜುವಿಗೆ ಹೋಗುವ ಕಾಗದದಲ್ಲಿ ಒಂದು ಕಲಮು ಖಾಲಿಯಿದ್ದರೂ ಸಹಿಸದವನು. ಇಂತಹ ಮನುಷ್ಯನನ್ನು ಲೇಖಕರು ಚೆನ್ನಾಗಿ ಬಲ್ಲರು. ಆದರೆ ಕಥೆಯ ತಿರುಳಾದ ಪೌರತ್ವದ ಅರ್ಜಿ ಇತಿಹಾಸದಲ್ಲಿ ಇರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಕಥೆಗಾರನಿಗೆ ಕಲ್ಪನೆಯ ಸ್ವಾತಂತ್ರ್ಯವಿದೆಯೆಂದು ಇದನ್ನು ಬಿಟ್ಟುಬಿಡಬಹುದಲ್ಲವೇ ಎಂದು ಕೆಲವರು ಕೇಳಬಹುದು. ಬಿಡಲಾಗದೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಈ ಒಂದು ತಪ್ಪಿನಿಂದ ಗಣಿಯ ಸಾವಿರಾರು ತಮಿಳು, ತೆಲುಗು ಕುಟುಂಬಗಳು ಸ್ವದೇಶದಲ್ಲಿಯೇ ಪರದೇಶಿಗಳಾಗಿ ಚಿತ್ರಿತವಾಗುತ್ತವೆ.

ಆ ವೃದ್ಧನ ಬಾಳನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಅವನು 1900ರ ಸುಮಾರಿಗೆ ಕುಪ್ಪಂನಲ್ಲಿ ಹುಟ್ಟಿದನೆಂದು ಕಥೆ ಹೇಳುತ್ತದೆ. ಅದು ಆಗ ಮದರಾಸು ಪ್ರಾಂತಕ್ಕೆ ಸೇರಿದ ಊರು. ಮದರಾಸಿನಿಂದ ಬಂಗಾರಪೇಟೆಗೆ ಬರುವ ರೈಲುದಾರಿಯ ಮೇಲಿರುವಂಥದು. ಯೌವನದಲ್ಲಿ ಅವನು ಬಂಗಾರಪೇಟೆಯಲ್ಲಿಳಿದು, ಮಾರಿಕುಪ್ಪಂಗೆ ಹೋಗುವ ಕವಲು ರೈಲನ್ನು ಹಿಡಿದು ಗಣಿಗೆ ಸೇರಿದ. ಈ ಅಲ್ಪ ಪ್ರಯಾಣದಲ್ಲಿ ಅವನು ನಿಜವಾಗಿಯೂ ಒಂದು ಗಡಿಯನ್ನು ದಾಟಿದ್ದನು. ಅವನು ಬಿಟ್ಟುಬಂದದ್ದು ಬ್ರಿಟಿಷ್ ಇಂಡಿಯಾ. ಬಂದು ಸೇರಿದ್ದು ಮಹಾರಾಜರ ಮೈಸೂರು ಸಂಸ್ಥಾನ. ಕಾನೂನಿನ ದೃಷ್ಟಿಯಲ್ಲಿ ಅವನು ಮೈಸೂರಿನ ಪ್ರಜೆಯಾಗಿರಲಿಲ್ಲ. ಗಡಿಯಾಚೆಯವನೆಂಬ ಮಾತು ಅವನಿಗೆ ಒಪ್ಪುವುದಾಗಿದ್ದರೆ ಅದು ಆ ದಿನಗಳಲ್ಲಿ.

ಮುಂದೆ 1950ರ ಜನವರಿ 26ರಂದು ಸಂವಿಧಾನವು ಜಾರಿಗೆ ಬಂತು. ಅದರ 5ನೆಯ ವಿಧಿಯ ಪ್ರಕಾರ, ಭಾರತದಲ್ಲಿ ನೆಲಸಿದ್ದು ಭಾರತದ ಪ್ರದೇಶದಲ್ಲಿ ಹುಟ್ಟಿದವನು ಭಾರತದ ಪೌರ. ಮೈಸೂರೂ ಮದರಾಸೂ ಆ ಹೊತ್ತಿಗೆ ಒಂದೇ ದೇಶದ ಅಂಗಗಳಾಗಿದ್ದುವು. ನಮ್ಮ ವೃದ್ಧನು ಅರ್ಜಿ ಹಾಕದೆ, ಶುಲ್ಕ ತೆರದೆ, ಯಾವ ಗುಮಾಸ್ತನ ಮುಖವನ್ನೂ ನೋಡದೆ ಅಂದೇ ಪೌರನಾದನು. ಅವನು ಒಮ್ಮೆ ದಾಟಿಬಂದ ಗಡಿ ಪೌರತ್ವದ ಮಟ್ಟಿಗೆ ಅಂದು ಅಳಿಸಿಹೋಯಿತು. ಭಾರತದಲ್ಲಿ ರಾಜ್ಯದ ಪೌರತ್ವವೆಂಬುದು ಇಲ್ಲ. ಇರುವುದು ಒಂದೇ ಪೌರತ್ವ.

ಆಮೇಲೆ 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವು ರಚಿತವಾಗಿ, ಚಿತ್ತೂರು ಜಿಲ್ಲೆಯೊಡನೆ ಕುಪ್ಪಂ ಅದಕ್ಕೆ ಸೇರಿತು. ಬದಲಾದದ್ದು ಅವನ ಹುಟ್ಟೂರು ಸೇರಿದ ರಾಜ್ಯದ ಹೆಸರು. 1956ರಲ್ಲಿ ಮೈಸೂರು ರಾಜ್ಯವು ವಿಶಾಲವಾದುದು ನಿಜ. ಆದರೆ ಅದು ಬೆಳೆದದ್ದು ಮುಖ್ಯವಾಗಿ ಉತ್ತರ ಪಶ್ಚಿಮಗಳ ಕಡೆಗೆ. ತೆಲುಗು ಬಹಳವಾಗಿ ಬಳಕೆಯಲ್ಲಿದ್ದ ಕೋಲಾರ ಜಿಲ್ಲೆ ಮೊದಲಿದ್ದಂತೆ ಮೈಸೂರಿನಲ್ಲಿಯೇ ಉಳಿಯಿತು. ಕಥೆಯ ಗುಮಾಸ್ತನು ಯಾವ ಗಡಿಯ ಬದಲಾವಣೆಯಿಂದ ಕಂಗೆಟ್ಟನೋ ಅದು ಬಂಗಾರಪೇಟೆಯ ಪಕ್ಕದಲ್ಲಿ ಆ ವರ್ಷ ನಡೆಯಲೇ ಇಲ್ಲ.

ಲೇಖಕರು ಈ ದುರಂತವನ್ನು ದೇಶವಿಭಜನೆಯ ಸಾಹಿತ್ಯದಿಂದ ಕಡ ತಂದಿರುವಂತೆ ತೋರುತ್ತದೆ. ಸಾದತ್ ಹಸನ್ ಮಂಟೋ ಅವರ ‘ಟೋಬಾ ಟೇಕ್ ಸಿಂಗ್’ ಕಥೆಯಲ್ಲಿ ಊರು ಯಾವ ದೇಶಕ್ಕೆ ಸೇರಿತೆಂಬ ಪ್ರಶ್ನೆ ಒಬ್ಬ ಮನುಷ್ಯನನ್ನು ಕೊಲ್ಲಬಲ್ಲುದು. ಅಲ್ಲಿ ಎಳೆದ ಗೆರೆ ಎರಡು ರಾಷ್ಟ್ರಗಳ ನಡುವಿನದು. ಎರಡು ರಾಜ್ಯಗಳ ನಡುವಣ ಗೆರೆಗೆ ಅದೇ ಭಾರವನ್ನು ಹೊರಿಸಿದರೆ ಕಥೆ ಕುಸಿಯುತ್ತದೆ. ನಮ್ಮ ನೆರೆಯಲ್ಲಿಯೇ ಪೌರತ್ವದ ಕಾಗದಗಳು ನಿಜವಾಗಿ ಎದ್ದ ಸಂದರ್ಭವೆಂದರೆ ಗೋವೆಯದು. 1961ರ ಡಿಸೆಂಬರಿನಲ್ಲಿ ಅದು ಭಾರತಕ್ಕೆ ಸೇರಿದ ಮೇಲೆ, 1962ರ ಆಜ್ಞೆಯೊಂದರಿಂದ ಅಲ್ಲಿ ಹುಟ್ಟಿದವರು ತಾವಾಗಿಯೇ ಭಾರತೀಯರೆನಿಸಿಕೊಂಡರು. ಹಿಂದಿನ ಪೌರತ್ವವನ್ನೇ ಉಳಿಸಿಕೊಳ್ಳಬಯಸುವವರು ಮಾತ್ರ ಒಂದು ತಿಂಗಳೊಳಗೆ ಲಿಖಿತ ಹೇಳಿಕೆ ಕೊಡಬೇಕಾಗಿತ್ತು. ಅಲ್ಲಿಯೂ ಗುಮಾಸ್ತನ ಮುಂದೆ ಬರುವ ಕಾಗದ ಒಳಗೆ ಬರುವವನದಲ್ಲ, ಹೊರಗುಳಿಯುವವನದು.

ಹಾಗಾದರೆ ಬಂಗಾರಪೇಟೆಯ ಗುಮಾಸ್ತನ ಮೇಜಿನ ಮೇಲೆ ಕಥೆಗೆ ತಕ್ಕ ಕಾಗದವೇ ಇರಲಿಲ್ಲವೇ? ಇತ್ತು, ಅದು ವಾಸದ ಪ್ರಮಾಣಪತ್ರ. ಸಂವಿಧಾನದ 15ನೆಯ ವಿಧಿ ಜನ್ಮಸ್ಥಳದ ಆಧಾರದ ಮೇಲೆ ಭೇದವೆಣಿಸುವುದನ್ನು ನಿಷೇಧಿಸುತ್ತದೆ. ಸರ್ಕಾರಿ ನೌಕರಿಯ ವಿಷಯದಲ್ಲಿ 16ನೆಯ ವಿಧಿ ವಾಸಸ್ಥಳದ ಭೇದವನ್ನೂ ತಡೆದು, ವಾಸದ ನಿಬಂಧನೆಯನ್ನು ವಿಧಿಸುವ ಅಧಿಕಾರವನ್ನು ಪಾರ್ಲಿಮೆಂಟಿಗೆ ಮಾತ್ರ ಕೊಟ್ಟಿದೆ. ಆದರೆ ಕಾಲೇಜಿನ ಶುಲ್ಕದ ಮಾತು ಬೇರೆ. ಇಂದೂರಿನ ವೈದ್ಯಕೀಯ ಕಾಲೇಜಿನಲ್ಲಿ ಹೊರಗಿನವರಿಂದ ಮಾತ್ರ ವಿಶೇಷ ಶುಲ್ಕ ವಸೂಲು ಮಾಡುತ್ತಿದ್ದುದನ್ನು ಡಿ. ಪಿ. ಜೋಶಿ ಎಂಬವರು ಪ್ರಶ್ನಿಸಿದಾಗ, ಜನ್ಮಸ್ಥಳ ಬೇರೆ, ವಾಸ ಬೇರೆ ಎಂದು ಸುಪ್ರೀಂ ಕೋರ್ಟು 1955ರಲ್ಲಿ ತೀರ್ಪಿತ್ತು ಆ ಕ್ರಮವನ್ನು ಎತ್ತಿಹಿಡಿಯಿತು.

ಈ ವ್ಯತ್ಯಾಸದಲ್ಲಿಯೇ ಬರೆಯಬಹುದಾದ ಕಥೆಯಿದೆ. ವೃದ್ಧನು ತನಗಾಗಿ ಅಲ್ಲ, ಕಾಲೇಜು ಸೇರಬೇಕಾದ ಮೊಮ್ಮಗನಿಗಾಗಿ ಬರಲಿ. ಹುಡುಗನು ಹುಟ್ಟಿ ಬೆಳೆದದ್ದು ಗಣಿಯ ಲೈನುಮನೆಯಲ್ಲಿ. ಶಾಲೆಯ ದಾಖಲೆಯೂ ಅಜ್ಜನ ದುಡಿಮೆಯ ಕಾಗದಗಳೂ ವಾಸವನ್ನು ಸಿದ್ಧಪಡಿಸುತ್ತವೆ. ಗುಮಾಸ್ತನು ಮಾತ್ರ ವಾಸದ ಕಲಮಿನಲ್ಲಿ ಅಜ್ಜನ ಹುಟ್ಟೂರನ್ನು ಹುಡುಕುತ್ತಾನೆ. ಈಗ ಅನ್ಯಾಯವು ಕಾನೂನಿನದಲ್ಲ. ಕಾನೂನು ಕೇಳದ ಪ್ರಶ್ನೆಯನ್ನು ಕೇಳಿದ ಗುಮಾಸ್ತನದು. ಕ್ರಮವನ್ನು ನಂಬಿದ ಮನುಷ್ಯನೇ ಕ್ರಮವನ್ನು ಮೀರಿದನೆಂಬ ವ್ಯಂಗ್ಯ ಆಗ ತಾನಾಗಿ ಮೂಡುತ್ತದೆ.

ಅರ್ಜಿಗೆ ಹೆಬ್ಬೆಟ್ಟು ಒತ್ತುವಾಗ ವೃದ್ಧನು ನಡುಗಿದನೆಂದು ಲೇಖಕರು ಬರೆದಿದ್ದಾರೆ. ಆ ನಡುಕಕ್ಕೂ ಸ್ಥಳೀಯವಾದ ಚರಿತ್ರೆಯುಂಟು. 1930ರಲ್ಲಿ ಬೆರಳಚ್ಚಿನ ನೋಂದಣಿಯನ್ನು ವಿರೋಧಿಸಿ ಗಣಿಯ ಕಾರ್ಮಿಕರು ದೊಡ್ಡ ಮುಷ್ಕರವನ್ನೇ ಹೂಡಿದ್ದರು. 1956ರಲ್ಲಿ ಐವತ್ತು ದಾಟಿದವನಿಗೆ ಆ ದಿನಗಳು ಮರೆತಿರಲಾರವು. ಅಧಿಕಾರಿಯ ಮುಂದೆ ಬೆರಳನ್ನು ಮಸಿಗೆ ಚಾಚುವುದೆಂದರೆ ಅವನ ಪೀಳಿಗೆಗೆ ಏನೆಂಬುದನ್ನು ಲೇಖಕರು ಗ್ರಹಿಸಿದ್ದರೆ, ಲಾಹೋರಿನಿಂದ ದುಃಖವನ್ನು ತರಬೇಕಾಗಿರಲಿಲ್ಲ. ಚಾಂಪಿಯನ್ ರೀಫಿನ ಲೈನುಮನೆಗಳಲ್ಲಿಯೇ ಅದು ದೊರೆಯುತ್ತಿತ್ತು.

ಲೇಖಕರು ಕಥೆಯನ್ನು ತಿದ್ದಿ ಬರೆಯಬೇಕೆಂದು ನಾವು ಬಯಸುತ್ತೇವೆ. ಗುಮಾಸ್ತನೂ ಇರಲಿ, ವೃದ್ಧನೂ ಇರಲಿ, ಮೇಜಿನ ಮೇಲಣ ಕಾಗದ ಮಾತ್ರ ಬದಲಾಗಲಿ. ಆ ವೃದ್ಧನು ಕಚೇರಿಯ ಮೆಟ್ಟಿಲನ್ನು ಹತ್ತುವಾಗಲೇ ಪೌರನಾಗಿದ್ದನೆಂಬುದನ್ನು ಓದುಗನು ಬಲ್ಲವನಾಗಿ, ಗುಮಾಸ್ತನು ಅರಿಯದವನಾಗಿ ಕಥೆ ಸಾಗಬೇಕು.