ಗೊತ್ತಿರೋ ಪದವೇ ಕೈ ಕೊಡೋದು

ನಮ್ಮಪ್ಪನಿಗೆ ತೆಂಗಿನಕಾಯಿಯ ದೊಡ್ಡ ವ್ಯಾಪಾರ ಇದೆ ಅಂತ ನನ್ನ ರೂಮ್‌ಮೇಟ್‌ನ ತಂದೆ ಸುಮಾರು ನಾಲ್ಕು ತಿಂಗಳು ನಂಬಿದ್ದರು. ತಪ್ಪು ಅವರದಲ್ಲ. ಕಾನ್ಪುರದಿಂದ ಮಗನನ್ನು ನೋಡೋಕೆ ಬಂದಿದ್ದವರು ಪ್ರೀತಿಯಿಂದ ಕೇಳಿದರು, "ಪಿತಾಜೀ ಕಾ ವ್ಯವಸಾಯ್ ಕ್ಯಾ ಹೈ ಬೇಟಾ?" ನನ್ನ ಕಿವಿಗೆ ಬಿದ್ದಿದ್ದು 'ವ್ಯವಸಾಯ' ಮಾತ್ರ. ಅರೆ, ಇವರಿಗೆ ನಾವು ರೈತರು ಅಂತ ಹೇಗೆ ಗೊತ್ತಾಯ್ತು ಅಂತ ಖುಷಿಯಾಗಿ, "ಹಾಂ ಅಂಕಲ್, ವ್ಯವಸಾಯ್ ಹೀ ಹೈ. ನಾರಿಯಲ್ ಕಾ" ಅಂದೆ. ತಿಪಟೂರು ಕಡೆ ಮೂರೂವರೆ ಎಕರೆ ತೋಟ ಇಟ್ಟುಕೊಂಡು ಕೊಬ್ಬರಿ ರೇಟು ಯಾವಾಗ ಏರುತ್ತೋ ಅಂತ ಕಾಯೋ ನಮ್ಮಪ್ಪ, ಆ ಒಂದು ಮಾತಿನಲ್ಲಿ ಕಾಯಿ ಮಂಡಿ ಸಾಹುಕಾರರಾಗಿಬಿಟ್ಟರು. ಹಿಂದಿಯಲ್ಲಿ 'ವ್ಯವಸಾಯ್' ಅಂದರೆ ಕಸುಬು, ವ್ಯಾಪಾರ. ಬೇಸಾಯಕ್ಕೆ ಅವರು 'ಖೇತೀ' ಅಂತಾರೆ.

ಈ ಪ್ರಸಂಗದಲ್ಲಿ ಒಂದು ವಿಷಯ ಗಮನಿಸಿ. ನಾವಿಬ್ಬರೂ ಒಂದು ಕ್ಷಣವೂ ತಡವರಿಸಲಿಲ್ಲ. ಪ್ರಶ್ನೆಗೆ ಉತ್ತರ ಸರಿಯಾಗಿ ಕೂತಿತು. ಮಾತು ಮುಂದಕ್ಕೆ ಹೋಯಿತು.

ಹಿಂದಿ-ಕನ್ನಡ ಎರಡರಲ್ಲೂ ಇದ್ದು ಅರ್ಥ ಬೇರೆಯಾದ ಪದಗಳ ಪಟ್ಟಿಗಳು ವಾಟ್ಸಾಪ್‌ನಲ್ಲಿ ಆಗಾಗ ಓಡಾಡುತ್ತವೆ. ಎಲ್ಲದರ ಮೊದಲ ಸಾಲಲ್ಲೂ ಅವೇ ಇಬ್ಬರು: 'ಶಿಕ್ಷೆ' ಮತ್ತು 'ಉಪನ್ಯಾಸ'. ಅವರ ಶಿಕ್ಷಾ ನಮ್ಮ ಶಿಕ್ಷಣ, ಅವರ ಉಪನ್ಯಾಸ್ ನಮ್ಮ ಕಾದಂಬರಿ. ಓದಿ ನಗುತ್ತೇವೆ. ಆದರೆ ಆ ಪಟ್ಟಿಗಳ ಬಗ್ಗೆ ನನ್ನ ತಕರಾರು ಇದೆ. ಅಲ್ಲಿರೋದು ಹೆಚ್ಚಾಗಿ ಯಾರಿಗೂ ತೊಂದರೆ ಕೊಡದ ಪದಗಳು. "ನನ್ನ ಮಗ ದೆಹಲಿಯಲ್ಲಿ ಶಿಕ್ಷೆ ಪಡೀತಿದಾನೆ" ಅಂತ ಯಾರಾದರೂ ಹೆಮ್ಮೆಯಿಂದ ಹೇಳಿದರೆ, ಕೇಳಿದವನಿಗೆ ಅಲ್ಲೇ ಅನಿಸುತ್ತೆ, ಇಲ್ಲೇನೋ ಎಡವಟ್ಟಾಗಿದೆ ಅಂತ. ಅದು ಕಂಪೈಲ್ ಎರರ್ ಇದ್ದ ಹಾಗೆ, ಪ್ರೋಗ್ರಾಮ್ ಓಡೋದೇ ಇಲ್ಲ. ನಿಜವಾಗಿ ಕೈ ಕೊಡೋವು ಬೇರೆ. ಎರಡೂ ಅರ್ಥ ಒಂದೇ ವಾಕ್ಯದಲ್ಲಿ ಸಲೀಸಾಗಿ ಕೂರುವ ಪದಗಳು. ಅಲ್ಲಿ ಪ್ರೋಗ್ರಾಮ್ ಓಡುತ್ತೆ, ಉತ್ತರವೂ ಬರುತ್ತೆ, ಆದರೆ ಉತ್ತರ ತಪ್ಪು.

ನನಗೆ ದುಬಾರಿ ಬಿದ್ದ ಪದ 'ಆಲೋಚನೆ'.

ನಮ್ಮ ಟೀಮಿನಲ್ಲಿ ಲಖನೌ ಕಡೆಯ ಒಬ್ಬ ಹುಡುಗ ಇದ್ದ. ಮಿತಭಾಷಿ, ಕೆಲಸದಲ್ಲಿ ಅಚ್ಚುಕಟ್ಟು. ಪೇಮೆಂಟ್ ಸಿಸ್ಟಮ್ಮಿಗೆ ಒಂದು ಡಿಸೈನ್ ಮಾಡಿದ್ದ. ಅದರಲ್ಲಿ ನೆಟ್‌ವರ್ಕ್ ಕೈಕೊಟ್ಟಾಗ ಗಿರಾಕಿ ಇನ್ನೊಂದು ಸಲ ಬಟನ್ ಒತ್ತಿದರೂ ದುಡ್ಡು ಎರಡು ಸಲ ಕಟ್ ಆಗದಂತೆ ತಡೆಯುವ ಭಾಗ ಒಂದಿತ್ತು. ಬಹಳ ಚೆನ್ನಾಗಿತ್ತು. ರಾತ್ರಿಯೆಲ್ಲ ಕೂತು ಓದಿ, ಬೆಳಿಗ್ಗೆ ಎಲ್ಲರೆದುರು ಮೆಚ್ಚುಗೆಯಿಂದ ಹೇಳಿದೆ, "ಭಾಯ್, ಆಪ್ ಕೇ ಡಿಸೈನ್ ಪರ್ ಮೈನೇ ರಾತ್ ಭರ್ ಆಲೋಚನಾ ಕೀ. ಖಾಸ್ ಕರ್ ವೋ ಡಬಲ್ ಪೇಮೆಂಟ್ ವಾಲಾ ಪಾರ್ಟ್." ನನ್ನ ತಲೆಯಲ್ಲಿದ್ದದ್ದು, ನಿನ್ನ ಡಿಸೈನ್ ಬಗ್ಗೆ ರಾತ್ರಿಯಿಡೀ ಯೋಚನೆ ಮಾಡಿದೆ ಅಂತ. ಅವನು ಕೇಳಿಸಿಕೊಂಡದ್ದು, ರಾತ್ರಿಯಿಡೀ ಕೂತು ನಿನ್ನ ಡಿಸೈನಿನಲ್ಲಿ ತಪ್ಪು ಹುಡುಕಿದೆ, ಅದರಲ್ಲೂ ಆ ಭಾಗದಲ್ಲಿ ಅಂತ. ಹಿಂದಿಯಲ್ಲಿ 'ಆಲೋಚನಾ' ಅಂದರೆ ಟೀಕೆ.

ಮಧ್ಯಾಹ್ನ ಟೀ ಹತ್ತಿರ ಸಿಕ್ಕಾಗ ತಗ್ಗಿದ ದನಿಯಲ್ಲಿ ಕೇಳಿದ, "ಇತನೀ ಆಲೋಚನಾ ಕೀ ಜರೂರತ್ ಥೀ ಕ್ಯಾ?" ಅಷ್ಟೊಂದು ಟೀಕೆ ಬೇಕಿತ್ತಾ ಅಂತ ಅವನ ಪ್ರಶ್ನೆ. ಪಾಪ, ಸಂಕೋಚದ ಹುಡುಗ, ಅಷ್ಟು ಹೊತ್ತು ಯಾಕೆ ಯೋಚನೆ ಮಾಡಿದ್ರಿ ಅಂತಿದಾನೆ ಅಂದುಕೊಂಡು ನಾನು ಬೆನ್ನು ತಟ್ಟಿ, "ಬಿಲ್ಕುಲ್ ಜರೂರತ್ ಥೀ!" ಅಂದೆ.

ಎರಡು ದಿನದ ನಂತರ ಅವನು ಡಿಸೈನ್ ತಿದ್ದಿ ಕಳಿಸಿದಾಗ ಆ ಭಾಗವೇ ಇರಲಿಲ್ಲ. ಸುಲಭ ಮಾಡಿದಾನೆ, ಮುಂದಿನ ಹಂತದಲ್ಲಿ ಸೇರಿಸ್ತಾನೇನೋ ಅಂತ ನಾನೂ ಬಿಟ್ಟೆ. ಟೆಸ್ಟಿಂಗ್ ಶುರುವಾದಾಗ ಒಂದೇ ಆರ್ಡರಿಗೆ ಎರಡು ಸಲ ದುಡ್ಡು ಕಟ್ ಆಯಿತು. ಗಿರಾಕಿಗಳ ತನಕ ಹೋಗಲಿಲ್ಲ ಅನ್ನೋದೊಂದೇ ಪುಣ್ಯ. ನಾನು ಹಳೇ ಡಾಕ್ಯುಮೆಂಟ್ ತೆಗೆದು, ಆ ಭಾಗದ ಕೆಳಗೆ ಇಂಗ್ಲಿಷಿನಲ್ಲಿ "ಇದು ಅದ್ಭುತ ಐಡಿಯಾ, ಇದನ್ನು ಯಾಕೆ ತೆಗೆದಿರಿ?" ಅಂತ ಬರೆದೆ. ಐದು ನಿಮಿಷಕ್ಕೆ ನನ್ನ ಟೇಬಲ್ ಹತ್ತಿರ ಬಂದು ನಿಂತ. ಹಿಂದಿಯಲ್ಲಿ ಬೈತೀರಾ, ಇಂಗ್ಲಿಷಿನಲ್ಲಿ ಹೊಗಳ್ತೀರಾ, ಯಾವುದನ್ನ ನಂಬಲಿ ಅಂತ ಕೇಳಿದ. ಹತ್ತು ನಿಮಿಷದಲ್ಲಿ ಗಂಟು ಬಿಚ್ಚಿತು. ನಕ್ಕೆವು ಕೂಡ. ಆದರೆ ಆ ಮೂರು ವಾರ ಅವನು ಮೀಟಿಂಗಿನಲ್ಲಿ ಬಾಯಿ ಬಿಟ್ಟಿರಲಿಲ್ಲ ಅನ್ನೋದು ನನಗೆ ಆಮೇಲೆ ಹೊಳೀತು.

ಮನೆಗೆ ಹೋಗಿ ನಿಘಂಟು ತೆಗೆದೆ. ಅಲ್ಲಿ ಇನ್ನೊಂದು ಸ್ವಾರಸ್ಯ ಸಿಕ್ಕಿತು. ಟೀಕೆ-ಟಿಪ್ಪಣಿಗೆ, ಸಾಹಿತ್ಯದ ಗುಣದೋಷ ಹೇಳೋದಕ್ಕೆ ನಾವು 'ವಿಮರ್ಶೆ' ಅನ್ನುತ್ತೇವೆ. ಹಿಂದಿಯ 'ವಿಮರ್ಶ್' ಏನು? ಚರ್ಚೆ, ಕೂತು ಯೋಚಿಸೋದು. 'ವಿಚಾರ್-ವಿಮರ್ಶ್' ಅಂದರೆ ಅವರಿಗೆ ಸಮಾಲೋಚನೆ. ಅಂದರೆ ಎರಡು ಪದಗಳು ಎರಡು ಭಾಷೆಯಲ್ಲಿ ನೀಟಾಗಿ ಕುರ್ಚಿ ಬದಲಾಯಿಸಿಕೊಂಡಿವೆ. ನಮ್ಮ ಆಲೋಚನೆ ಅವರ ವಿಮರ್ಶ್, ನಮ್ಮ ವಿಮರ್ಶೆ ಅವರ ಆಲೋಚನಾ. ಸಂಸ್ಕೃತದಲ್ಲಿ ಎರಡೂ ಹತ್ತಿರದ ಪದಗಳೇ, ಒಂದನ್ನು ಗಮನವಿಟ್ಟು ನೋಡೋದು, ತೂಗಿ ಯೋಚಿಸೋದು ಅನ್ನೋ ಅರ್ಥದವು. ಸಾಹಿತ್ಯವನ್ನು ತೂಗಿ ನೋಡುವ ಕೆಲಸಕ್ಕೆ ಹಿಂದಿಯವರು ಒಂದನ್ನು ಹಿಡಿದರು, ನಾವು ಇನ್ನೊಂದನ್ನು ಹಿಡಿದೆವು. ಮಿಕ್ಕಿದ್ದು ಇಬ್ಬರ ಮನೆಯಲ್ಲೂ ಹಳೇ ಅರ್ಥದಲ್ಲೇ ಉಳಿಯಿತು. ಇದರಲ್ಲಿ ಯಾರದೂ ತಪ್ಪಿಲ್ಲ. 'ಸಮಾಲೋಚನೆ'ಯ ಕತೆಯೂ ಇದೇ. ನಮ್ಮ ಆಸ್ಪತ್ರೆಗಳಲ್ಲಿ 'ಆಪ್ತ ಸಮಾಲೋಚಕರು' ಅಂದರೆ ಕೌನ್ಸೆಲರ್, ಮನಸ್ಸು ಹಗುರ ಮಾಡೋರು. ಹಿಂದಿಯಲ್ಲಿ 'ಸಮಾಲೋಚಕ್' ಅಂದರೆ ವಿಮರ್ಶಕ. ಮೊದಲೇ ನೊಂದವರಿಗೆ ಆಪ್ತ ಟೀಕಾಕಾರರ ರೂಮು ತೋರಿಸಿದ ಹಾಗಾಯ್ತು!

ಹೊಸದಾಗಿ ಬೆಂಗಳೂರಿಗೆ ಬಂದವರಿಗೂ, ಹಿಂದಿ ಕಲಿಯುವ ನಮ್ಮವರಿಗೂ ಎಲ್ಲರೂ ಕೊಡೋ ಸಲಹೆ ಒಂದೇ: "ಪದ ಗೊತ್ತಾಗದಿದ್ದರೆ ಸಂಸ್ಕೃತ ಪದ ಹಾಕಿ, ಹೆಂಗೂ ಅರ್ಥ ಆಗುತ್ತೆ." ನನ್ನ ವಿಮರ್ಶೆ (ಕನ್ನಡದ್ದೇ!) ಈ ಸಲಹೆಯ ಮೇಲೆ. ಕಣ್ಣಿಗೆ ಕಾಣೋ ವಸ್ತುಗಳ ಮಟ್ಟಿಗೆ ಇದು ನಡೆಯುತ್ತೆ. ಸೂರ್ಯ, ನದಿ, ಪುಸ್ತಕ ಇಲ್ಲೂ ಅದೇ, ಅಲ್ಲೂ ಅದೇ. ಬೆರಳು ಮಾಡಿ ತೋರಿಸಬಹುದಾದ್ದರ ಅರ್ಥ ಸುಲಭಕ್ಕೆ ಜಾರೋದಿಲ್ಲ. ಜಾರೋದು ಮನಸ್ಸಿನ, ಕೆಲಸದ, ಸಂಬಂಧದ ಪದಗಳು. ನಾವು ಸಂಸ್ಕೃತ ಪದಕ್ಕೆ ಕೈ ಹಾಕೋದು ಕೂಡ ಇಂಥ ವಿಷಯ ಮಾತಾಡುವಾಗಲೇ.

'ಅನುಮಾನ' ನೋಡಿ. ದೂರದಲ್ಲಿ ಹೊಗೆ ಕಂಡು ಅಲ್ಲಿ ಬೆಂಕಿ ಇದೆ ಅಂತ ತಿಳಿಯೋದು, ಅದು ತರ್ಕಶಾಸ್ತ್ರದ ಅನುಮಾನ. ಅಲ್ಲಿಂದ ಹಿಂದಿ ಹೊರಟು ಅಂದಾಜಿಗೆ ಬಂದು ನಿಂತಿತು, ಕನ್ನಡ ಸಂಶಯಕ್ಕೆ ಬಂದು ನಿಂತಿತು. ಮ್ಯಾನೇಜರ್ ಕೇಳ್ತಾರೆ, ಮುಗಿಸೋಕೆ ಎಷ್ಟು ದಿನ ಅಂತ 'ಅನುಮಾನ್' ಇದೆಯಾ? ನಮ್ಮ ಹುಡುಗ ಎದೆ ತಟ್ಟಿ, "ಕೋಯೀ ಅನುಮಾನ್ ನಹೀ ಸರ್" ಅಂತಾನೆ. ಯಾವ ಸಂಶಯವೂ ಬೇಡ, ಮುಗಿಸ್ತೀನಿ ಅಂತ ಅವನ ಭರವಸೆ. ಇವನಿಗೆ ಅಂದಾಜೇ ಇಲ್ಲ ಅಂತ ಅವರ ತಿಳುವಳಿಕೆ.

ಹಾಗಾದರೆ ಮಾತಿನ ನಡುವೆ ಇದನ್ನು ಹಿಡಿಯೋದು ಹೇಗೆ? ನನಗೆ ಉಪಯೋಗಕ್ಕೆ ಬಂದದ್ದು ಒಂದೇ ಉಪಾಯ: ಪದವನ್ನು ಬಿಟ್ಟು ಅದರ ಅಕ್ಕಪಕ್ಕ ನೋಡೋದು. 'ಸಮಾಧಾನ'ವನ್ನೇ ತಗೊಳ್ಳಿ. ಹಿಂದಿಯಲ್ಲಿ ಸಮಾಧಾನ್ ಆಗೋದು ಸಮಸ್ಯೆಗೆ, ಅಂದರೆ ಅದು ಪರಿಹಾರ. ಕನ್ನಡದಲ್ಲಿ ಸಮಾಧಾನ ಆಗೋದು ಮನುಷ್ಯರಿಗೆ. ಅಳೋ ಮಗುವನ್ನು ಸಮಾಧಾನ ಮಾಡ್ತೀವಿ, ಕೆಟ್ಟುಹೋದ ಸರ್ವರನ್ನಲ್ಲ. "ನಿಮ್ಮ ದೂರಿಗೆ ಸಮಾಧಾನ ನೀಡಲಾಗಿದೆ" ಅಂತ ಒಂದು ಕಂಪನಿಯಿಂದ ನನಗೆ ಮೆಸೇಜ್ ಬಂದಿತ್ತು. ದೂರು ಸಮಾಧಾನವಾಗಿತ್ತೇನೋ, ನನಗಂತೂ ಆಗಿರಲಿಲ್ಲ. ಹಾಗೇ 'ಆಲೋಚನಾ'. ಹಿಂದಿಯವರು ಒಂದರ 'ಕೀ ಆಲೋಚನಾ' ಮಾಡ್ತಾರೆ, ನಾವು ಒಂದರ 'ಬಗ್ಗೆ' ಆಲೋಚನೆ ಮಾಡ್ತೀವಿ. ನಾನು ಅವತ್ತು 'ಡಿಸೈನ್ ಕೀ' ಅನ್ನದೆ 'ಡಿಸೈನ್ ಪರ್' ಅಂದಿದ್ದೆ. ಆ ಸಣ್ಣ ಅಪಸ್ವರವೇ ಇದ್ದ ಸುಳಿವು. ಆದರೆ ನಮ್ಮ ಹಿಂದಿಯಲ್ಲಿ ವಿಭಕ್ತಿ ಲಿಂಗ ಎಲ್ಲ ಮೊದಲೇ ಅಷ್ಟಕ್ಕಷ್ಟೆ. ಹೀಗಿರುವಾಗ ಕೇಳಿದವನು ಅದನ್ನು ನಮ್ಮ ಎಂದಿನ ತಪ್ಪು ಅಂತ ಮಾಫಿ ಮಾಡಿಬಿಡ್ತಾನೆ. ಹಾಗಾಗಿ ಈ ಸುಳಿವು ಎಲ್ಲ ಸಲ ಕೆಲಸ ಮಾಡಲ್ಲ.

ಅದಕ್ಕೇ ನಾನೀಗ ನಮ್ಮ ಪದಕ್ಕೆ ಒಂಚೂರೂ ಹೋಲದ ಹಿಂದಿ ಪದವನ್ನೇ ಹುಡುಕ್ತೀನಿ. 'ಸೋಚಾ' ಅಂದಿದ್ದರೆ ಮುಗಿದೇ ಹೋಗ್ತಿತ್ತು. 'ಅಂದಾಜಾ', 'ಶಕ್', 'ಹಲ್', 'ಖೇತೀ', ಇವು ಕಲಿಯೋಕೆ ಒಂದು ದಿನ ಹೆಚ್ಚು ಬೇಕಾಗಬಹುದು. ಆದರೆ ಕಲಿತೆ ಅಂತ ನಮಗೇ ಗೊತ್ತಿರುತ್ತೆ. 'ಆಲೋಚನಾ' ನಾನು ಯಾವತ್ತೂ ಕಲಿತಿರಲೇ ಇಲ್ಲ, ಗೊತ್ತಿದೆ ಅಂದುಕೊಂಡಿದ್ದೆ ಅಷ್ಟೆ.

ಕಾನ್ಪುರದ ಅಂಕಲ್‌ಗೆ ಕೊನೆಗೆ ವಿಷಯ ತಿಳಿದದ್ದು, ಮಗನ ಜೊತೆ ನಮ್ಮೂರಿಗೆ ಬಂದಾಗ. ಅಟ್ಟದ ಮೇಲೆ ಒಣಗುತ್ತಿದ್ದ ಕಾಯಿ ನೋಡಿ, ಲುಂಗಿ ಎತ್ತಿ ಕಟ್ಟಿ ಪಾತಿ ಮಾಡ್ತಿದ್ದ ನಮ್ಮಪ್ಪನನ್ನು ನೋಡಿ, "ಅರೇ, ಆಪ್ ತೋ ಕಿಸಾನ್ ಹೈಂ!" ಅಂದರು. ಅಪ್ಪನಿಗೆ ಹಿಂದಿ ಬರಲ್ಲ. ನನ್ನ ಕಡೆ ತಿರುಗಿ, "ಏನಂತೆ?" ಅಂದರು. "ವ್ಯವಸಾಯ ಮಾಡ್ತೀರಾ ಅಂತ ಕೇಳ್ತಿದಾರೆ" ಅಂದೆ. ಅಪ್ಪ ಅವರ ಕಡೆ ನೋಡಿ ಜೋರಾಗಿ, "ಹೌದು, ವ್ಯವಸಾಯ!" ಅಂದರು.

ಅಂಕಲ್ ಮತ್ತೆ ಗೊಂದಲದಿಂದ ನನ್ನ ಮುಖ ನೋಡಿದರು.