ಬರೆಯದ ಪುಟಕ್ಕೆ ಪಡೆದ ಹಣ

2012ರ ಆರಂಭದಲ್ಲಿ ಅಮೆರಿಕದ ರಿಚ್ ಬರ್ಲ್ಯೂ ತಮ್ಮ ವೆಬ್ ಕಾಮಿಕ್ ‘ದಿ ಆರ್ಡರ್ ಆಫ್ ದಿ ಸ್ಟಿಕ್’ನ ಪ್ರತಿಗಳು ಖಾಲಿಯಾಗಿದ್ದ ಒಂದು ಸಂಪುಟವನ್ನು ಮರುಮುದ್ರಿಸಲು ಕಿಕ್‌ಸ್ಟಾರ್ಟರ್‌ನಲ್ಲಿ 57,750 ಡಾಲರ್ ಕೇಳಿದರು. ಅವಧಿ ಮುಗಿಯುವ ಹೊತ್ತಿಗೆ 14,952 ಜನರಿಂದ 12,54,120 ಡಾಲರ್ ಸೇರಿತ್ತು. ಪುಸ್ತಕಕ್ಕಾಗಿ ಕ್ರೌಡ್‌ಫಂಡಿಂಗ್ ಮಾಡುವವರು ಇದನ್ನು ಗೆಲುವಿನ ಮಾದರಿಯಾಗಿ ನೋಡುತ್ತಾರೆ. ಹಣ ಬಂದಮೇಲೆ ಏನಾಯಿತು ಎಂಬುದನ್ನು ನೋಡಿದರೆ ಕಲಿಯುವುದು ಇನ್ನೂ ಹೆಚ್ಚಿದೆ. ಮೊತ್ತ ಏರಿದಂತೆ ಬರ್ಲ್ಯೂ ಹೊಸ ಹೊಸ ಸ್ಟ್ರೆಚ್ ಗೋಲ್‌ಗಳನ್ನು ಸೇರಿಸುತ್ತ ಹೋದರು. ಇನ್ನಷ್ಟು ಸಂಪುಟಗಳ ಮರುಮುದ್ರಣದ ಜೊತೆಗೆ, ಹಣ ಕೊಟ್ಟವರಿಗೆಂದು ಹೊಸದಾಗಿ ಬರೆದು ಚಿತ್ರಿಸಬೇಕಾದ ಕತೆಗಳೂ ಬಂದವು. ಅದೇ ವರ್ಷ ಅವರ ಕೈಗೆ ಗಾಜು ಕೊಯ್ದು ಚಿತ್ರ ಬಿಡಿಸುವುದೇ ನಿಂತಿತು. ಆಮೇಲೂ ಆ ಕತೆಗಳು ಒಂದೊಂದಾಗಿ ಹೊರಬರಲು ವರ್ಷಗಳೇ ಹಿಡಿದವು.

ಗಾಯವನ್ನು ಯಾರೂ ಮುಂಗಾಣಲಾರರು. ಅಂಥ ಆಘಾತವನ್ನು ತಾಳಿಕೊಳ್ಳುವಂತೆ ಯೋಜನೆಯನ್ನು ಕಟ್ಟಬಹುದಿತ್ತೇ ಎಂಬುದು ಪ್ರಶ್ನೆ. ಮರುಮುದ್ರಣ ಎಂದರೆ ಸಿದ್ಧ ಪುಟಗಳನ್ನು ಪ್ರೆಸ್ಸಿಗೆ ಕಳಿಸುವುದು. ಸಾವಿರದ ಬದಲು ಹತ್ತು ಸಾವಿರ ಪ್ರತಿ ಬೇಕೆಂದರೆ ಯಂತ್ರ ಇನ್ನಷ್ಟು ಹೊತ್ತು ಓಡುತ್ತದೆ, ಅಷ್ಟೇ. ಹೊಸ ಕತೆ ಹಾಗಲ್ಲ, ಅದು ಒಬ್ಬರ ಕೈಯಿಂದಲೇ ಬರಬೇಕು. ದುಡ್ಡು ಇಪ್ಪತ್ತು ಪಟ್ಟು ಬಂದರೂ ಆ ಕೈಗೆ ದಿನದಲ್ಲಿ ಸಿಗುವ ತಾಸುಗಳು ಮೊದಲಿನಷ್ಟೇ. ಆದ್ದರಿಂದ ಪುಸ್ತಕದ ಅಭಿಯಾನದಲ್ಲಿ ಅಚ್ಚು ಹಾಕಬಹುದಾದದ್ದನ್ನು ಮಾತ್ರ ಮಾರಬೇಕು, ಲೇಖಕರ ಮುಂದಿನ ದಿನಗಳನ್ನು ಮಾರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದಕ್ಕೆ ಎದುರಾಗಿ ಕಾದಂಬರಿಕಾರ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರ ಉದಾಹರಣೆ ಬರುತ್ತದೆ. 2022ರಲ್ಲಿ ಅವರು ಕಿಕ್‌ಸ್ಟಾರ್ಟರ್‌ನಲ್ಲಿ ಹತ್ತು ಲಕ್ಷ ಡಾಲರ್ ಕೇಳಿದಾಗ ನಾಲ್ಕು ಕೋಟಿಗೂ ಮೀರಿ ಬಂತು, ನಾಲ್ಕು ಕಾದಂಬರಿಗಳು 2023ರಲ್ಲಿ ಮೂರು ತಿಂಗಳಿಗೊಂದರಂತೆ ಓದುಗರ ಕೈಸೇರಿದವು. ಆದರೆ ಆ ನಾಲ್ಕೂ ಕಾದಂಬರಿಗಳನ್ನು ಅಭಿಯಾನಕ್ಕೆ ಮೊದಲೇ ಬರೆದಾಗಿತ್ತು. ಹಂತಗಳೂ ಸರಳ: 40 ಡಾಲರಿಗೆ ಇ-ಪುಸ್ತಕ, 60ಕ್ಕೆ ಆಡಿಯೋ ಸಹಿತ, 160ಕ್ಕೆ ಗಟ್ಟಿರಟ್ಟಿನ ಪ್ರತಿಗಳು, 500ಕ್ಕೆ ಇವೆಲ್ಲದರ ಜೊತೆ ತಿಂಗಳು ತಿಂಗಳು ಬರುವ ಉಡುಗೊರೆ ಪೆಟ್ಟಿಗೆಗಳು. ಪೆಟ್ಟಿಗೆ ತುಂಬಿ ಕಳಿಸಲು ಅವರದೇ ಸಂಸ್ಥೆಯ ಸಿಬ್ಬಂದಿ ಇದ್ದರು. ಈ ಉದಾಹರಣೆ ನನ್ನ ಮಾತಿಗೆ ಬಲವನ್ನೇ ಕೊಡುತ್ತದೆ.

ಗುರಿಮೊತ್ತದ ಲೆಕ್ಕದಲ್ಲಿ ಆಗುವ ತಪ್ಪು ಬೇರೆ ಬಗೆಯದು, ನಮ್ಮಲ್ಲಿ ಪುಸ್ತಕ ಮಾಡುವವರೂ ಅದನ್ನು ನೋಡಿಕೊಳ್ಳಬೇಕು. ಒಂದು ಕನ್ನಡ ಪುಸ್ತಕಕ್ಕೆ ಡಿಟಿಪಿ, ಕರಡು ತಿದ್ದುವುದು, ಮುಖಪುಟ ಎಲ್ಲ ಸೇರಿ 60,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮುದ್ರಣ ಪ್ರತಿಗೆ 110, ಅಂಚೆ ಮತ್ತು ಪ್ಯಾಕಿಂಗ್ 60, ಓದುಗರು ಕೊಡುವುದು 400, ಅದರಲ್ಲಿ ವೇದಿಕೆ ಮತ್ತು ಪಾವತಿ ಶುಲ್ಕ 36. ಹಾಗಾದರೆ ಪ್ರತಿಗೆ 194 ಉಳಿಯುತ್ತದೆ, 310 ಜನ ಸಿಕ್ಕರೆ ಸಾಕು, ಗುರಿ 1,24,000 ಎಂದು ಬರೆದುಬಿಡುತ್ತಾರೆ. ಆದರೆ ಆ ದರಕ್ಕೆ ಪ್ರೆಸ್ಸಿನವರು 500ಕ್ಕಿಂತ ಕಡಿಮೆ ಪ್ರತಿ ಹಾಕಿಕೊಡುವುದಿಲ್ಲ ಎಂದರೆ ಮುದ್ರಣಕ್ಕೇ 55,000 ಬೇಕು. ಶುಲ್ಕ, ಅಂಚೆ ಕಳೆದು 310 ಜನರಿಂದ ಕೈಗೆ ಉಳಿಯುವುದು 94,240, ಬೇಕಿರುವುದು 1,15,000. ಅಭಿಯಾನ ಗೆದ್ದಿದೆ, ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಾಲ ಉಳಿದಿದೆ, ಮನೆಯ ಮೂಲೆಯಲ್ಲಿ 190 ಪ್ರತಿಗಳು ಕಟ್ಟು ಬಿಚ್ಚದೆ ಕೂತಿವೆ. ಮುದ್ರಣವನ್ನು ಪ್ರತಿಯ ಖರ್ಚೆಂದು ಹಿಡಿಯದೆ ಒಟ್ಟು ಖರ್ಚೆಂದು ಹಿಡಿದರೆ 379 ಜನ ಬೇಕು, ಗುರಿ 1,51,600 ಆಗುತ್ತದೆ. ಗುರಿ ದೊಡ್ಡದಾದರೆ ಜನ ಹಿಂಜರಿಯುತ್ತಾರೆ ಎಂಬ ಅಳುಕು ನಿಜವೇ. ಆದರೆ ಗುರಿ ಮುಟ್ಟದಿದ್ದರೆ ಹಣವೇ ಕಡಿತವಾಗದ ಕಿಕ್‌ಸ್ಟಾರ್ಟರ್‌ನಂಥ ಪದ್ಧತಿಯಲ್ಲಿ, ಸೋತವರು ಯಾರಿಗೂ ಬಾಕಿದಾರರಲ್ಲ. ಕಡಿಮೆ ಗುರಿಯಿಟ್ಟು ಗೆದ್ದವರು ಮುನ್ನೂರ ಹತ್ತು ಮಂದಿಗೆ ಬಾಕಿದಾರರು.

ಹಾಗಿದ್ದರೆ ಬರೆಯಲಿಕ್ಕೇ ಹಣ ಬೇಕಾದವರು ಏನು ಮಾಡಬೇಕು ಎಂಬ ಆಕ್ಷೇಪ ಗಟ್ಟಿಯಾದದ್ದು. ಊರೂರು ತಿರುಗಿ ಕೆಲಸ ಮಾಡುವ ಸಂಶೋಧಕರು ಮುಗಿದ ಹಸ್ತಪ್ರತಿ ಎಲ್ಲಿಂದ ತರುತ್ತಾರೆ? ಅವರು ಕೇಳಬಾರದೆಂದಲ್ಲ. ಕೇಳುವುದು ಸಂಶೋಧನೆಗೆ ಎಂದು ಬಾಯಿಬಿಟ್ಟು ಹೇಳಲಿ, ಆ ಹಣಕ್ಕೆ ಪ್ರತಿಯಾಗಿ ಮುಗಿದ ಒಂದು ಅಧ್ಯಾಯವನ್ನೋ ಕ್ಷೇತ್ರಕಾರ್ಯದ ಟಿಪ್ಪಣಿಯನ್ನೋ ಕೊಡಲಿ. ಪುಸ್ತಕದ ಪ್ರತಿಗೆ ಹಣ ಪಡೆಯುವುದನ್ನು ಎರಡನೆಯ ಅಭಿಯಾನಕ್ಕೆ ಇಟ್ಟುಕೊಳ್ಳಲಿ. ಕೈಸೇರುವ ತಿಂಗಳನ್ನು ಆಗ ನಮೂದಿಸಲಿ, ಕೊನೆಯ ಕರಡು ತಿದ್ದಿ ಮುಗಿದಮೇಲೆ, ಪ್ರೆಸ್ಸಿನವರು ಹೇಳಿದ ದಿನದಿಂದ ಎಣಿಸಿ.